ವಿಶೇಷ ದುರಸ್ತಿ ವಂತಿಗೆಗೆ ಮಹಾಸಭೆ: ಕೋರಂಗೆ 28 ಜನ ಸಾಕು, ಠರಾವಿಗೆ ಎಷ್ಟು ಮತ ಬೇಕು?

ಹೊಸ ಕಾರ್ಯದರ್ಶಿ

ಬೇರೆ ಬೇರೆ ಕಟ್ಟಡಗಳಿಂದ ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ನಮ್ಮದು 84 ಮನೆಗಳ ವಸತಿ ಸಮುಚ್ಚಯ. ಕಾರ್ಯದರ್ಶಿ ಕೆಲಸ ನನ್ನ ಹೆಗಲಿಗೆ ಬಂದು ಮೂರು ತಿಂಗಳಾಯಿತು. ತಳಮಹಡಿಯ ಪಾರ್ಕಿಂಗ್‌ನಲ್ಲಿ ಎರಡು ಕಂಬಗಳ ಮೇಲಿನ ಸಿಮೆಂಟ್ ಪದರ ಎದ್ದು ಬಿದ್ದಿದೆ. ಒಳಗಿನ ಕಬ್ಬಿಣ ಕಾಣಿಸುತ್ತಿದೆ, ಮುಟ್ಟಿದರೆ ತುಕ್ಕು ಪುಡಿಪುಡಿಯಾಗಿ ಕೈಗೆ ಬರುತ್ತದೆ. ತಾರಸಿಯ ನೀರು ಸೋರಿಕೆ ಬೇರೆ ಇದೆ. ಎಸ್ಟಿಮೇಟ್ ತರಿಸಿದ್ದೇವೆ. ದುರಸ್ತಿ ನಿಧಿಯಲ್ಲಿರುವ ಹಣ ಒಟ್ಟು ಖರ್ಚಿನ ಮೂರನೇ ಒಂದು ಭಾಗಕ್ಕೂ ಸಾಲುವುದಿಲ್ಲ. ಉಳಿದದ್ದನ್ನು ವಿಶೇಷ ವಂತಿಗೆಯಾಗಿ ಎತ್ತಬೇಕು. ಲೆಕ್ಕ ಹಾಕಿದರೆ ಪ್ರತಿ ಮನೆಗೆ ಎಂಟು ತಿಂಗಳ ನಿರ್ವಹಣಾ ಶುಲ್ಕದಷ್ಟು ಬರುತ್ತದೆ.

24ನೇ ತಾರೀಕು ಭಾನುವಾರ ಸಭೆ ಕರೆಯಬೇಕೆಂದಿದ್ದೇನೆ. ನೋಟಿಸ್‌ನ ಕರಡು ಹೀಗಿದೆ:

"ದಿನಾಂಕ 24ರ ಭಾನುವಾರ ಸಂಜೆ 5 ಗಂಟೆಗೆ ಸಮುದಾಯ ಭವನದಲ್ಲಿ ಸರ್ವಸದಸ್ಯರ ಸಭೆ ಇರುತ್ತದೆ. ವಿಷಯಗಳು: 1. ಹಿಂದಿನ ಸಭೆಯ ನಡಾವಳಿ. 2. ಲೆಕ್ಕಪತ್ರ. 3. ಕಟ್ಟಡ ದುರಸ್ತಿ ಕುರಿತು ಚರ್ಚೆ. 4. ಅಧ್ಯಕ್ಷರ ಅನುಮತಿಯಿಂದ ಇತರ ವಿಷಯಗಳು. ಎಲ್ಲರೂ ತಪ್ಪದೆ ಬರಬೇಕು."

ನಮ್ಮ ಬೈಲಾ ಪ್ರಕಾರ ಕೋರಂ ಒಟ್ಟು ಸದಸ್ಯರ ಮೂರನೇ ಒಂದು ಭಾಗ, ಅಂದರೆ 28. ಅಷ್ಟು ಜನರನ್ನು ಸೇರಿಸುವುದು ಕಷ್ಟವೇನಲ್ಲ. ನೋಟಿಸ್‌ನಲ್ಲಿ ಇನ್ನೇನಾದರೂ ಸೇರಿಸಬೇಕೇ?

ಬಿ ಬ್ಲಾಕ್ ಅಧ್ಯಕ್ಷ

ಮೇಡಂ, ಚೆನ್ನಾಗಿದೆ, ಚಿಕ್ಕದಾಗಿದೆ. ಕೋರಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 28 ಜನ ಬರದಿದ್ದರೆ ಅರ್ಧ ಗಂಟೆ ಕಾಯಿರಿ, ಆಮೇಲೆ ಅದೇ ಜಾಗದಲ್ಲಿ ಸಭೆ ಮತ್ತೆ ಶುರು ಮಾಡಿ. ಆಗ ಎಷ್ಟು ಜನ ಇದ್ದಾರೋ ಅಷ್ಟೇ ಕೋರಂ. ನಾವು ಪ್ರತಿ ವರ್ಷ ಹೀಗೇ ಮಾಡುತ್ತೇವೆ, ಇದುವರೆಗೂ ಯಾರೂ ತಕರಾರು ಎತ್ತಿಲ್ಲ.

ಹಳೇ ಖಜಾಂಚಿ

ಕಾರ್ಯದರ್ಶಿ ಮೇಡಂ, ನೋಟಿಸ್ ಹಂಚುವ ಮೊದಲು ಬೈಲಾ ಪುಸ್ತಕ ತೆಗೆದು ವಿಶೇಷ ವಂತಿಗೆಯ ಕಲಮನ್ನು ಒಂದು ಸಲ ಓದಿ. ಕೋರಂ ಎಷ್ಟು ಅನ್ನುವುದು ಒಂದು ಕಡೆ ಇರುತ್ತದೆ, ಯಾವ ಠರಾವಿಗೆ ಎಷ್ಟು ಬಹುಮತ ಬೇಕು ಅನ್ನುವುದು ಇನ್ನೊಂದು ಕಡೆ. ಆ ಕಲಮಿನ ಪದಗಳನ್ನು ಇದ್ದ ಹಾಗೇ ಇಲ್ಲಿ ಬರೆಯಿರಿ, ಒಂದು ಪದವನ್ನೂ ಬಿಡಬೇಡಿ. ಆಮೇಲೆ ಮಾತಾಡೋಣ.

ಬಿ ಬ್ಲಾಕ್ ಅಧ್ಯಕ್ಷರು ಹೇಳಿದ ಅರ್ಧ ಗಂಟೆಯ ನಿಯಮ ಎಷ್ಟೋ ಬೈಲಾಗಳಲ್ಲಿ ಇದೆ ನಿಜ. ಆದರೆ ಅದು ಸಡಿಲಿಸುವುದು ಕೋರಂ ಒಂದನ್ನೇ. ಬಹುಮತದ ಲೆಕ್ಕಕ್ಕೆ ಅದು ಕೈ ಹಾಕುವುದಿಲ್ಲ.

ನೆಲಮಹಡಿ ನಿವಾಸಿ

ನನ್ನದೊಂದು ಪ್ರಶ್ನೆ. ಮೇಲಿನ ಮನೆಯ ಬಚ್ಚಲಿಂದ ನಮ್ಮ ಬಚ್ಚಲಿಗೆ ಎರಡು ವರ್ಷದಿಂದ ನೀರು ಜಿನುಗುತ್ತಿದೆ. ಮೇಲಿನವರು ಸಂಘಕ್ಕೆ ಹೇಳಿ ಅಂತಾರೆ, ಸಂಘದವರು ಮೇಲಿನವರಿಗೆ ಹೇಳಿ ಅಂತಾರೆ. ಇಂಥ ವಿಶೇಷ ವಂತಿಗೆಯಲ್ಲಿ ಅದನ್ನೂ ಸೇರಿಸಿಕೊಳ್ಳಬಹುದಾ? ಇನ್ನೊಂದು ವಿಷಯ, ನಾವು ನೆಲಮಹಡಿಯವರು. ತಾರಸಿ ಸೋರಿದರೆ ನಮಗೇನು ತೊಂದರೆ? ನಾವ್ಯಾಕೆ ಕೊಡಬೇಕು?

ಹೊಸ ಕಾರ್ಯದರ್ಶಿ

ಖಜಾಂಚಿ ಸರ್, ಓದಿದೆ. ಇದ್ದದ್ದು ಇದ್ದ ಹಾಗೇ ಬರೆಯುತ್ತಿದ್ದೇನೆ:

"ವಾರ್ಷಿಕ ಆಯವ್ಯಯದಲ್ಲಿ ಸೇರದ ದೊಡ್ಡ ದುರಸ್ತಿಗಾಗಿ ವಿಶೇಷ ವಂತಿಗೆ ವಿಧಿಸುವ ಠರಾವನ್ನು ಸರ್ವಸದಸ್ಯರ ಸಭೆಯಲ್ಲಿ ಒಟ್ಟು ಸದಸ್ಯರ ಮೂರನೇ ಎರಡಕ್ಕೆ ಕಡಿಮೆಯಿಲ್ಲದ ಬಹುಮತದಿಂದ ಅಂಗೀಕರಿಸತಕ್ಕದ್ದು. ಇಂಥ ಠರಾವಿನ ಪೂರ್ಣ ಪಾಠವನ್ನು ಸಭೆಯ ನೋಟಿಸ್‌ನೊಂದಿಗೆ ಹದಿನಾಲ್ಕು ಪೂರ್ಣ ದಿನಗಳ ಮುಂಚಿತವಾಗಿ ಎಲ್ಲ ಸದಸ್ಯರಿಗೂ ತಲುಪಿಸತಕ್ಕದ್ದು."

ಓದಿದ ಮೇಲೆ ಭಯ ಶುರುವಾಗಿದೆ. ಒಟ್ಟು ಸದಸ್ಯರ ಮೂರನೇ ಎರಡು ಅಂದರೆ 56. ಕಳೆದ ವಾರ್ಷಿಕ ಸಭೆಗೆ ಬಂದವರೇ 33 ಮಂದಿ.

ಹಳೇ ಖಜಾಂಚಿ

ಸಮಸ್ಯೆ ಇರುವುದೇ ಅಲ್ಲಿ. ಬೇರೆ ಕಡೆಯ ಬೈಲಾಗಳಲ್ಲಿ ಸಾಮಾನ್ಯವಾಗಿ "ಹಾಜರಿದ್ದು ಮತ ಚಲಾಯಿಸಿದವರ ಮೂರನೇ ಎರಡು" ಅಂತ ಇರುತ್ತದೆ. ಹಾಗಿದ್ದರೆ 30 ಜನ ಬಂದು ಮತ ಹಾಕಿದರೆ 20 ಸಾಕಾಗುತ್ತಿತ್ತು. ನಿಮ್ಮಲ್ಲಿ "ಒಟ್ಟು ಸದಸ್ಯರ" ಅಂತ ಇದೆ. ಆ ಒಂದು ಪದದಿಂದ 20 ಇದ್ದದ್ದು 56 ಆಗುತ್ತದೆ. 28 ಜನ ಬಂದು 28 ಮಂದಿಯೂ ಒಪ್ಪಿದರೂ ಠರಾವು ಬೀಳುತ್ತದೆ. ಸಭೆಗೆ ಬಂದು ವಿರೋಧಿಸಿ ಕೈ ಎತ್ತಿದ್ದಕ್ಕೂ ಬರದೇ ಮನೆಯಲ್ಲಿ ಕೂತದ್ದಕ್ಕೂ ಈ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ.

ಆದ್ದರಿಂದ ಕೋರಂ ಮರೆತು 56ರ ಹಿಂದೆ ಬೀಳಿ. ಸಭೆಗೆ ಬರಲಾಗದವರ ಮತ ಹೇಗೆ ತರಿಸುವುದು ಅನ್ನುವುದೇ ಈಗಿನ ಕೆಲಸ. ಪ್ರಾಕ್ಸಿ ಬಗ್ಗೆ ನಿಮ್ಮ ಬೈಲಾ ಏನು ಹೇಳುತ್ತದೆ ನೋಡಿ.

ಕರಡಿನ 3ನೇ ವಿಷಯದ ಬಗ್ಗೆಯೂ ಹೇಳಬೇಕು. "ಕಟ್ಟಡ ದುರಸ್ತಿ ಕುರಿತು ಚರ್ಚೆ" ಅಂತ ಬರೆದರೆ ಆ ಸಭೆಯಲ್ಲಿ ಚರ್ಚೆ ಮಾಡಬಹುದು, ವಂತಿಗೆ ವಿಧಿಸಲು ಆಗುವುದಿಲ್ಲ. ನೋಟಿಸ್ ಓದಿದ ಸದಸ್ಯನಿಗೆ ತನ್ನ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನುವುದು ಗೊತ್ತಾಗಬೇಕು. ಗೊತ್ತಾಗದೆ ಮನೆಯಲ್ಲಿ ಉಳಿದವನು ನಾಳೆ ಬಂದು "ನನಗೆ ತಿಳಿಸಿರಲಿಲ್ಲ" ಅಂದರೆ ಅವನ ಮಾತು ನ್ಯಾಯವಾದದ್ದೇ. "ಇತರ ವಿಷಯಗಳು" ಅನ್ನುವ ಬಾಗಿಲಿಂದಲೂ ವಂತಿಗೆಯನ್ನು ಒಳಗೆ ತರಲು ಬರುವುದಿಲ್ಲ.

ಬಿ ಬ್ಲಾಕ್ ಅಧ್ಯಕ್ಷ

ಖಜಾಂಚಿಗಳೇ, ಕಾಗದದ ಮೇಲೆ ನೀವು ಹೇಳುವುದು ಸರಿ. ಆದರೆ ಹೀಗೆ ಎಲ್ಲವನ್ನೂ ಅಕ್ಷರಶಃ ಹಿಡಿದರೆ ಯಾವ ಕಟ್ಟಡವೂ ದುರಸ್ತಿಯಾಗುವುದಿಲ್ಲ. ನಿವಾಸಿಗಳ ಗುಂಪಿನಲ್ಲಿ ಮೊಬೈಲಿನಲ್ಲೇ ಒಂದು ಪೋಲ್ ಹಾಕಲಿ. ಒಂದು ಗಂಟೆಯಲ್ಲಿ 60 ಜನ ಒತ್ತುತ್ತಾರೆ.

ಏಳನೇ ಮಹಡಿ

ಅಧ್ಯಕ್ಷರೇ, ಅರ್ಧ ಗಂಟೆಯ ನಿಯಮ ನಂಬಿ ನಾವು ಅನುಭವಿಸಿದ್ದನ್ನು ಹೇಳುತ್ತೇನೆ. ನಾನು ಮೊದಲಿದ್ದ ಕಟ್ಟಡದಲ್ಲಿ ಲಿಫ್ಟ್ ಬದಲಾಯಿಸುವುದಕ್ಕೆ ವಂತಿಗೆ ಹಾಕಿದರು. ಕೋರಂ ಆಗಲಿಲ್ಲ, ಅರ್ಧ ಗಂಟೆ ಕಾದರು, ಮತ್ತೆ ಸಭೆ ಶುರು ಮಾಡಿ ಇದ್ದ 19 ಜನರೇ ಠರಾವು ಪಾಸು ಮಾಡಿದರು. ಮೊದಲ ಕಂತು ಎಲ್ಲರೂ ಕಟ್ಟಿದೆವು. ಎರಡನೇ ಕಂತಿಗೆ 11 ಮನೆಯವರು ನಿಂತರು. ಠರಾವಿಗೆ ಬೇಕಾದ ಬಹುಮತ ಆಗಿಲ್ಲ, ನಾವು ಕಟ್ಟುವುದಿಲ್ಲ ಅಂದರು. ಅವರನ್ನು ನೋಡಿ ಕಟ್ಟಿದವರೂ ಹಣ ವಾಪಸ್ ಕೇಳಲು ಶುರು ಮಾಡಿದರು. ಅಷ್ಟರಲ್ಲಿ ಹಳೇ ಲಿಫ್ಟ್ ಬಿಚ್ಚಿ ಆಗಿತ್ತು. ನನ್ನ ತಾಯಿಗೆ ಆಗ 74 ವರ್ಷ. ಐದು ತಿಂಗಳು ಮೆಟ್ಟಿಲು ಇಳಿಯಲಿಲ್ಲ ಅವರು. ಕೊನೆಗೆ ಮೊದಲಿನಿಂದ ನೋಟಿಸ್ ಕೊಟ್ಟು, ಸರಿಯಾಗಿ ಮತ ಹಾಕಿಸಿ ಮುಗಿಸಿದರು.

ಆ 19 ಜನರಲ್ಲಿ ಯಾರ ಮನಸ್ಸಿನಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಬೇಗ ಆಗಲಿ ಅಂತಲೇ ಮಾಡಿದರು.

ಹಳೇ ಖಜಾಂಚಿ

ಪೋಲ್ ಹಾಕಿ, ಬೇಡ ಅನ್ನುವುದಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅದರಿಂದ ತಿಳಿಯುತ್ತದೆ. ಆದರೆ ಆ ಗುಂಪಿನಲ್ಲಿ ಬಾಡಿಗೆಯವರಿದ್ದಾರೆ, ಒಂದೇ ಮನೆಯಿಂದ ಗಂಡ, ಹೆಂಡತಿ, ಮಗ ಮೂವರೂ ಇದ್ದಾರೆ, ಎಷ್ಟೋ ಮಾಲೀಕರು ಇಲ್ಲವೇ ಇಲ್ಲ. ಬೈಲಾದಲ್ಲಿ "ಸಭೆಯಲ್ಲಿ ಅಂಗೀಕರಿಸತಕ್ಕದ್ದು" ಅಂತ ಇದ್ದಾಗ ಪೋಲ್ ಠರಾವಾಗುವುದಿಲ್ಲ.

ಬಾಡಿಗೆದಾರ

ನಾನೂ ಅಂಥ ಗುಂಪಿನಲ್ಲಿರುವ ಬಾಡಿಗೆದಾರ. ನಾವು ಸಭೆಗೆ ಬರಬಹುದೇ? ಕಂಬದ ಪಕ್ಕ ಗಾಡಿ ನಿಲ್ಲಿಸುವವರು ನಾವೇ.

ಹಳೇ ಖಜಾಂಚಿ

ಬಂದು ಕೂರಲು, ಅಧ್ಯಕ್ಷರ ಒಪ್ಪಿಗೆ ಪಡೆದು ಮಾತಾಡಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಮತ ಮಾತ್ರ ಮಾಲೀಕರದ್ದು. ಮಾಲೀಕರು ನಿಮ್ಮ ಹೆಸರಿಗೆ ಪ್ರಾಕ್ಸಿ ಬರೆದುಕೊಟ್ಟರೆ ಆಗುತ್ತದೆಯೇ ಅನ್ನುವುದು ಬೈಲಾ ಮೇಲೆ ಹೋಗುತ್ತದೆ. ಕೆಲವು ಕಡೆ ಪ್ರಾಕ್ಸಿ ಹಿಡಿಯುವವರೂ ಸದಸ್ಯರೇ ಆಗಿರಬೇಕು.

ಸಿವಿಲ್ ಎಂಜಿನಿಯರ್

ಮತದ ಲೆಕ್ಕ ಖಜಾಂಚಿಯವರು ನೋಡಿಕೊಳ್ಳುತ್ತಾರೆ. ನಾನು ಕಂಬದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಠರಾವಿನ ಪದಗಳು ಅದರ ಮೇಲೇ ನಿಂತಿವೆ.

ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ. ಉಬ್ಬಿದ ತುಕ್ಕು ಮೇಲಿನ ಕಾಂಕ್ರೀಟನ್ನು ಒಳಗಿಂದಲೇ ಹೊರಕ್ಕೆ ತಳ್ಳುತ್ತದೆ. ನಿಮಗೆ ಕಾಣುವುದು ಉದುರಿದ ಜಾಗ ಮಾತ್ರ. ಅದರ ಸುತ್ತ ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಾಂಕ್ರೀಟು ಠಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳಿರುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಉದುರಿದ ಜಾಗಕ್ಕಿಂತ ಎಷ್ಟೋ ದೊಡ್ಡ ಗುರುತು ಆಗುವುದುಂಟು. ಕಡಿಯಲು ಶುರು ಮಾಡಿದ ಮೇಲೆ ಅದು ಇನ್ನೂ ಬೆಳೆಯಬಹುದು. ಹೊರಗಿಂದ ಅಳೆದು ಮಾಡಿದ ಎಸ್ಟಿಮೇಟು ಕೆಲಸ ಶುರುವಾದ ಮೇಲೆ ಅಷ್ಟಕ್ಕೇ ನಿಲ್ಲುವುದು ಅಪರೂಪ.

ಆದ್ದರಿಂದ ಠರಾವಿನಲ್ಲಿ ಎಸ್ಟಿಮೇಟಿನ ಮೊತ್ತವೊಂದನ್ನೇ ಬರೆಯಬೇಡಿ. ಅನಿರೀಕ್ಷಿತ ಕೆಲಸಕ್ಕೆ ಇಷ್ಟು ಅಂತ ಸೇರಿಸಿ ಒಂದು ಗರಿಷ್ಠ ಮಿತಿ ಬರೆಯಿರಿ. ಹೀಗೆ ಮಿತಿ ಇಡದಿದ್ದರೆ ಕಂಬ ಅರ್ಧ ಕಡಿದು ನಿಲ್ಲಿಸಿ ಇನ್ನೊಂದು ಮಹಾಸಭೆ ಕರೆಯಬೇಕಾಗುತ್ತದೆ. ಅಂಥದ್ದನ್ನು ಕಣ್ಣಾರೆ ಕಂಡಿದ್ದೇನೆ, ತಿಂಗಳುಗಟ್ಟಲೆ ಕಬ್ಬಿಣ ಬಯಲಿಗೆ ಬಿದ್ದಿತ್ತು.

ಆ ಎರಡು ಕಂಬಗಳಿಗೆ ಸಭೆಯವರೆಗೂ ಕಾಯಬೇಡಿ. ಕಟ್ಟಡ ವಿನ್ಯಾಸ ಬಲ್ಲ ಎಂಜಿನಿಯರ್ ಒಬ್ಬರನ್ನು ಈಗಲೇ ಕರೆಸಿ ತೋರಿಸಿ. ಅವರು ಬೇಕೆಂದರೆ ಉಕ್ಕಿನ ಆಸರೆ ಕೊಡಿಸಿ, ಪಕ್ಕದ ಗಾಡಿಗಳನ್ನು ತೆಗೆಸಿ.

ಹಳೇ ಖಜಾಂಚಿ

ಎಂಜಿನಿಯರ್ ಸರ್ ಹೇಳಿದ್ದರಿಂದ ಅಜೆಂಡಾದಲ್ಲಿ ಒಂದು ಬದಲಾವಣೆ ಮಾಡಬೇಕೆನಿಸುತ್ತಿದೆ. ತುರ್ತು ಆಸರೆಯನ್ನೂ ವಂತಿಗೆಯನ್ನೂ ಒಂದೇ ಠರಾವಿನಲ್ಲಿ ಕಟ್ಟಬೇಡಿ. ಆಸರೆಯ ಖರ್ಚು ಈಗಿರುವ ದುರಸ್ತಿ ನಿಧಿಯಿಂದ ಆಗುತ್ತದೆ. ಅದು ವಂತಿಗೆಯಲ್ಲ, ಸಾಮಾನ್ಯ ಬಹುಮತ ಸಾಕು. ನಿಮ್ಮ ಬೈಲಾದಲ್ಲಿ ತುರ್ತು ಖರ್ಚಿನ ಅಧಿಕಾರ ಸಮಿತಿಗೇ ಇದ್ದರೆ ಇವತ್ತೇ ಮಾಡಿಸಿ, ಸಭೆಯಲ್ಲಿ ಮಂಜೂರಾತಿ ತಗೊಳ್ಳಿ. ಅದನ್ನು ಒಂದು ವಿಷಯ, ವಂತಿಗೆಯನ್ನು ಇನ್ನೊಂದು ವಿಷಯ ಮಾಡಿ. ವಂತಿಗೆ ಬಿದ್ದರೂ ಕಂಬ ನಿಲ್ಲಬೇಕು.

ದಿನದ ಲೆಕ್ಕದಲ್ಲೂ ಹುಷಾರಾಗಿರಿ. ಪೂರ್ಣ ದಿನ ಅಂದರೆ ನೋಟಿಸ್ ತಲುಪಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. ಸಭೆ 24ಕ್ಕೆ. 10ರಿಂದ 23ರವರೆಗೆ ಹದಿನಾಲ್ಕು ದಿನ. ಅಂದರೆ 9ನೇ ತಾರೀಕು ಶನಿವಾರದೊಳಗೆ ಕೊನೆಯ ಸದಸ್ಯನ ಕೈಗೂ ತಲುಪಿರಬೇಕು. 10ಕ್ಕೆ ಹಂಚಿದರೆ ಒಂದು ದಿನ ಕಡಿಮೆ ಬೀಳುತ್ತದೆ. ಅಂಚೆಯಲ್ಲಿ ಕಳಿಸುವುದಾದರೆ ತಲುಪಿದ ದಿನ ಯಾವುದೆಂದು ಬೈಲಾ ಹೇಗೆ ಎಣಿಸುತ್ತದೆ ಅಂತಲೂ ನೋಡಿ, ಎರಡು ಮೂರು ದಿನ ಮುಂಚೆಯೇ ಹಾಕಿ.

ದೂರದ ಮಾಲೀಕ

ನನ್ನಂಥವರ ಪರವಾಗಿ ಒಂದು ಮಾತು. ನನ್ನ ಮನೆ ಬಾಡಿಗೆಗಿದೆ, ನಾನಿರುವುದು ಬೇರೆ ಊರಲ್ಲಿ. ಮೂರು ವರ್ಷದಿಂದ ನೋಟಿಸ್ ಅಂತ ನನಗೆ ಒಂದೂ ಬಂದಿಲ್ಲ. ಲಿಫ್ಟಿನಲ್ಲಿ ಅಂಟಿಸಿದ್ದೇವೆ ಅನ್ನುತ್ತಾರೆ. ಕಳೆದ ಸಲ ಹೋದಾಗ ಬಾಡಿಗೆಯವರ ಬಾಗಿಲ ಹಿಂದೆ, ವಿದ್ಯುತ್ ಬಿಲ್ಲುಗಳ ಜೊತೆ ಒಂದೇ ಕ್ಲಿಪ್ಪಿಗೆ ಸಿಕ್ಕಿಸಿದ ಎರಡು ನೋಟಿಸ್ ಸಿಕ್ಕವು, ಎರಡೂ ಮುಗಿದುಹೋದ ಸಭೆಗಳದ್ದು. ಅವರದೇನೂ ತಪ್ಪಿಲ್ಲ, ಅದು ತಮಗೆ ಸಂಬಂಧಿಸಿದ್ದಲ್ಲ ಅಂದುಕೊಂಡಿದ್ದರು. ವಂತಿಗೆಯ ಬಿಲ್ಲು ಮಾತ್ರ ನನ್ನ ಮಿಂಚಂಚೆಗೆ ತಪ್ಪದೆ ಬರುತ್ತದೆ.

ಹೊಸ ಕಾರ್ಯದರ್ಶಿ

ಸರ್, ನಿಮ್ಮ ಮಾತು ಓದಿ ನಮ್ಮ ಸದಸ್ಯರ ರಿಜಿಸ್ಟರ್ ತೆಗೆದು ನೋಡಿದೆ. 23 ಮನೆಗಳು ಬಾಡಿಗೆಗಿವೆ. ಅದರಲ್ಲಿ 9 ಮಾಲೀಕರ ವಿಳಾಸದ ಜಾಗದಲ್ಲಿ ಇದೇ ಕಟ್ಟಡದ ಮನೆ ನಂಬರ್ ಬರೆದಿದೆ. ಅವರಿಗೆ ನಾವು ಕಳಿಸಿದ್ದು ಯಾವತ್ತೂ ತಲುಪಿಯೇ ಇಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ ಈಗಿನ ವಿಳಾಸ, ಮಿಂಚಂಚೆ ತೆಗೆದುಕೊಳ್ಳುತ್ತಿದ್ದೇನೆ. ಕೈಯಲ್ಲಿ ಕೊಡುವವರಿಗೆ ಸಹಿ ಪುಸ್ತಕ ಇಟ್ಟಿದ್ದೇನೆ, ತಾರೀಕಿನ ಸಮೇತ.

ಪ್ರಾಕ್ಸಿ ನಮ್ಮ ಬೈಲಾದಲ್ಲಿದೆ. ಲಿಖಿತವಾಗಿರಬೇಕು, ಸಭೆಗೆ 48 ಗಂಟೆ ಮೊದಲು ಕಾರ್ಯದರ್ಶಿಗೆ ತಲುಪಬೇಕು, ಒಬ್ಬರು ಎರಡಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಆದರೆ ಪ್ರಾಕ್ಸಿಯನ್ನು ಕೋರಂಗೆ ಎಣಿಸಬೇಕೇ ಬೇಡವೇ ಅಂತ ಎಲ್ಲೂ ಇಲ್ಲ.

ಇನ್ನೊಂದು ಗೊಂದಲ. 9 ಮನೆಯವರು ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡಿದ್ದಾರೆ. ಬಾಕಿದಾರರಿಗೆ ಮತದ ಹಕ್ಕಿಲ್ಲ ಅಂತ ಬೈಲಾ ಹೇಳುತ್ತದೆ. ಹಾಗಾದರೆ "ಒಟ್ಟು ಸದಸ್ಯರು" 84 ಜನವೇ, 75 ಜನವೇ? 75 ಅಂದರೆ 50 ಮತ ಸಾಕಾಗುತ್ತದೆ.

ಹಳೇ ಖಜಾಂಚಿ

ಕೋರಂ ವಿಷಯದಲ್ಲಿ ಬೈಲಾ ಸುಮ್ಮನಿದ್ದರೆ ಭವನದಲ್ಲಿ ಕೂತ ಸದಸ್ಯರ ತಲೆಗಳನ್ನಷ್ಟೇ ಎಣಿಸಿ. 28 ತಲೆ ನಿಮಗೆ ಸಿಗುತ್ತದೆ, ಅದರಲ್ಲಿ ವಿವಾದಕ್ಕೆ ಜಾಗ ಕೊಡಬೇಡಿ. ಶುರುವಿನಲ್ಲಿ ಎಣಿಸಿದ್ದು ಸಾಲದು, ಮತ ಹಾಕಿಸುವ ಹೊತ್ತಿಗೆ ಮತ್ತೊಮ್ಮೆ ಎಣಿಸಿ ನಡಾವಳಿಯಲ್ಲಿ ಬರೆಯಿರಿ. ಸಹಿ ಪುಸ್ತಕದಲ್ಲಿ 31 ಸಹಿ ಇದ್ದು, ಮತದ ಹೊತ್ತಿಗೆ ಕುರ್ಚಿಯಲ್ಲಿ 24 ಜನ ಇದ್ದ ಸಭೆಯನ್ನು ನಾನೇ ನಡೆಸಿದ್ದೇನೆ. ಆ ಠರಾವನ್ನು ಕೈಬಿಡಬೇಕಾಯಿತು. ಅದಕ್ಕೇ ವಂತಿಗೆಯ ವಿಷಯವನ್ನು ಲೆಕ್ಕಪತ್ರಕ್ಕಿಂತ ಮೊದಲೇ ಇಡಿ, ಜನ ದಣಿಯುವ ಮೊದಲು ಮತ ಮುಗಿಯಲಿ.

84 ಅಥವಾ 75 ಅನ್ನುವುದಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ, ಇದಕ್ಕೆ ಎಲ್ಲರೂ ಒಪ್ಪುವುದಿಲ್ಲ. ಬೈಲಾದಲ್ಲಿ "ಮತದಾನದ ಹಕ್ಕುಳ್ಳ ಸದಸ್ಯರ" ಅಂತ ಇದ್ದಿದ್ದರೆ 75. ಬರೀ "ಒಟ್ಟು ಸದಸ್ಯರ" ಅಂದರೆ, ಬಾಕಿ ಇಟ್ಟುಕೊಂಡ ಮಾತ್ರಕ್ಕೆ ಆತ ಸದಸ್ಯನಾಗಿ ಉಳಿಯದೆ ಹೋಗುವುದಿಲ್ಲ, 84 ಅಂತಲೇ ಓದಬೇಕು. 56ಕ್ಕೆ ಗುರಿ ಇಡಿ. 56 ಸಿಕ್ಕರೆ ಯಾವ ರೀತಿ ಓದಿದರೂ ಠರಾವು ನಿಲ್ಲುತ್ತದೆ. ಬಾಕಿದಾರರಿಗೂ ನೋಟಿಸ್ ಕೊಡಿ, ಮತವಿಲ್ಲದಿದ್ದರೂ ವಂತಿಗೆ ಅವರ ಮೇಲೂ ಬೀಳುತ್ತದೆ. ಯಾವ ದಿನದೊಳಗೆ ಬಾಕಿ ತೀರಿಸಿದರೆ ಮತ ಹಾಕಬಹುದು ಅನ್ನುವುದನ್ನೂ ನೋಟಿಸ್‌ನಲ್ಲೇ ಬರೆದುಬಿಡಿ.

ನೆಲಮಹಡಿಯವರಿಗೆ: ತಾರಸಿಯೂ ಕಂಬವೂ ಎಲ್ಲರಿಗೂ ಸೇರಿದ ಆಸ್ತಿ ಅಂತ ನಿಮ್ಮ ಕ್ರಯಪತ್ರದಲ್ಲೇ ಇರುತ್ತದೆ, ನೋಡಿ. ನಿಮ್ಮ ಬಚ್ಚಲಿನದು ಎರಡು ಮನೆಗಳ ನಡುವಿನ ವಿಷಯ. ಕೊಳವೆ ಎರಡು ಮನೆಗೆ ಸೇರಿದ್ದೋ ಇಡೀ ಸಾಲಿಗೆ ಸೇರಿದ್ದೋ ಅಂತ ಮೊದಲು ತಿಳಿಯಬೇಕು, ಅದನ್ನು ಬೇರೆಯಾಗಿಯೇ ಎತ್ತಿ.

ನೆಲಮಹಡಿ ನಿವಾಸಿ

ಕಂಬಕ್ಕೆ ಕೊಡುತ್ತೇನೆ, ಬೇಡ ಅನ್ನುವುದಿಲ್ಲ. ತಾರಸಿಯ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪುತ್ತಿಲ್ಲ. ಮತ್ತೆ, ಹಂಚಿಕೆ ಹೇಗೆ? ನಮ್ಮದು ಎರಡು ಕೋಣೆಯ ಮನೆ. ಮೂರು ಕೋಣೆಯವರಿಗೂ ನಮಗೂ ಒಂದೇ ಮೊತ್ತವಾ?

ಹೊಸ ಕಾರ್ಯದರ್ಶಿ

ಇದು ನಮ್ಮಲ್ಲೂ ಬಿಸಿಯಾಗಿರುವ ವಿಷಯ. ನಮ್ಮಲ್ಲಿ 1000 ಚದರಡಿಯ 48 ಮನೆ, 1500 ಚದರಡಿಯ 36 ಮನೆ. ಒಟ್ಟು 1,02,000 ಚದರಡಿ. ನಿರ್ವಹಣಾ ಶುಲ್ಕವನ್ನು ಚದರಡಿ ಲೆಕ್ಕದಲ್ಲೇ ತೆಗೆದುಕೊಳ್ಳುತ್ತೇವೆ. ಆದ್ದರಿಂದ ಎಂಟು ತಿಂಗಳ ಶುಲ್ಕ ಅಂದಾಗ ಅದೂ ಚದರಡಿಯ ಲೆಕ್ಕವೇ ಆಗುತ್ತದೆ. ಸಮಿತಿಯಲ್ಲಿ ಇಬ್ಬರು, ಕಂಬ ಎಲ್ಲರನ್ನೂ ಒಂದೇ ರೀತಿ ಹೊರುತ್ತದೆ, ಸಮನಾಗಿ ಹಂಚೋಣ ಅಂದರು. ಸಮನಾಗಿ ಹಂಚಿದರೆ ಚಿಕ್ಕ ಮನೆಯವರು ಚದರಡಿ ಲೆಕ್ಕಕ್ಕಿಂತ ನೂರಕ್ಕೆ 21ರಷ್ಟು ಹೆಚ್ಚು ಕಟ್ಟಬೇಕಾಗುತ್ತದೆ.

ಹಳೇ ಖಜಾಂಚಿ

ಬೈಲಾ ಏನು ಹೇಳುತ್ತದೋ ಅದೇ ಹಂಚಿಕೆ. ಅದು ಚದರಡಿ ಅಂದಿದ್ದರೆ ಸಭೆಯಲ್ಲಿ ಕೈ ಎತ್ತಿಸಿ ಸಮಪಾಲು ಮಾಡಲು ಬರುವುದಿಲ್ಲ, ಮೊದಲು ಬೈಲಾ ತಿದ್ದಬೇಕು. ಮತ ಮನೆಗೊಂದೋ, ಚದರಡಿಯ ತೂಕದಲ್ಲೋ ಅಂತಲೂ ನೋಡಿಕೊಳ್ಳಿ. ಚದರಡಿಯ ತೂಕವಾದರೆ ನಿಮಗೆ 68,000 ಚದರಡಿಯ ಮತ ಬೇಕು. ದೊಡ್ಡ ಮನೆಗಳು 36ಕ್ಕೆ 36 ಒಪ್ಪಿದರೆ ಜೊತೆಗೆ 14 ಚಿಕ್ಕ ಮನೆ ಸಾಕು, 50 ಮನೆಯಲ್ಲೇ ಮುಗಿಯುತ್ತದೆ. ಮನೆಗೊಂದು ಮತವಾದರೆ 56 ಬೇಕೇ ಬೇಕು.

ಹೊಸ ಕಾರ್ಯದರ್ಶಿ

ಮನೆಗೊಂದು ಮತ ಸರ್. ಜಂಟಿ ಮಾಲೀಕರಿಗೂ ಸೇರಿ ಒಂದೇ. ಹಂಚಿಕೆ ಚದರಡಿ.

ಎಲ್ಲರೂ ಹೇಳಿದ್ದನ್ನು ಸೇರಿಸಿ ನೋಟಿಸ್ ಮತ್ತೆ ಬರೆದಿದ್ದೇನೆ. ಮುಖ್ಯ ಭಾಗ ಇಷ್ಟು:

"ವಿಷಯ 1: ತಳಮಹಡಿಯ ಎರಡು ಕಂಬಗಳಿಗೆ ತುರ್ತು ಆಸರೆ ಕೊಡಿಸಿ, ಅದರ ಖರ್ಚನ್ನು ದುರಸ್ತಿ ನಿಧಿಯಿಂದ ಭರಿಸುವ ಬಗ್ಗೆ. ಸಾಮಾನ್ಯ ಬಹುಮತ.

ವಿಷಯ 2: ಈ ಕೆಳಗಿನ ಠರಾವನ್ನು ಮತಕ್ಕೆ ಹಾಕುವುದು. 'ಲಗತ್ತಿಸಿದ ಎಸ್ಟಿಮೇಟಿನಂತೆ ಕಂಬಗಳ ಹಾಗೂ ತಾರಸಿಯ ದುರಸ್ತಿಗಾಗಿ ಪ್ರತಿ ಸದಸ್ಯರಿಂದ ಅವರ ಎಂಟು ತಿಂಗಳ ನಿರ್ವಹಣಾ ಶುಲ್ಕದಷ್ಟು ವಿಶೇಷ ದುರಸ್ತಿ ವಂತಿಗೆಯನ್ನು ನಾಲ್ಕು ಸಮ ಕಂತುಗಳಲ್ಲಿ ಪಡೆಯತಕ್ಕದ್ದು. ಅನಿರೀಕ್ಷಿತ ಕೆಲಸವೂ ಈ ಮೊತ್ತದಲ್ಲೇ ಸೇರಿದ್ದು, ಇದೇ ಗರಿಷ್ಠ ಮಿತಿ. ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡತಕ್ಕದ್ದು, ಉಳಿದದ್ದನ್ನು ದುರಸ್ತಿ ನಿಧಿಗೆ ಸೇರಿಸತಕ್ಕದ್ದು.' ಈ ಠರಾವಿಗೆ ಒಟ್ಟು 84 ಸದಸ್ಯರಲ್ಲಿ 56 ಮತಗಳು ಬೇಕು. ಬರಲಾಗದವರು ಲಗತ್ತಿಸಿದ ಪ್ರಾಕ್ಸಿ ನಮೂನೆಯನ್ನು 22ರ ಸಂಜೆ 5 ಗಂಟೆಯೊಳಗೆ ತಲುಪಿಸಬೇಕು. ಅದೇ ಗಡುವಿನೊಳಗೆ ಬಾಕಿ ತೀರಿಸಿದವರು ಮತ ಹಾಕಬಹುದು."

ಪ್ರತಿ ಮನೆಯ ನೋಟಿಸ್‌ನ ಮೇಲೂ ಆ ಮನೆ ಕಟ್ಟಬೇಕಾದ ಮೊತ್ತವನ್ನು ಕೈಯಲ್ಲೇ ಬರೆದಿದ್ದೇನೆ.

ಬಿ ಬ್ಲಾಕ್ ಅಧ್ಯಕ್ಷ

ಮೇಡಂ, ಇದು ನಿಜಕ್ಕೂ ಚೆನ್ನಾಗಿದೆ. ನಮ್ಮ ಬೈಲಾ ನಾನೂ ತೆಗೆದು ನೋಡಿದೆ. ಮುಂದೂಡಿದ ಸಭೆಯ ಕಲಮಿನ ಕೊನೆಯಲ್ಲಿ "ವಿಶೇಷ ಬಹುಮತ ಬೇಕಾದ ವಿಷಯಗಳನ್ನು ಹೊರತುಪಡಿಸಿ" ಅಂತ ಒಂದು ಸಾಲು ಇದೆ. ಹನ್ನೊಂದು ವರ್ಷ ಅದನ್ನು ಗಮನಿಸಿರಲಿಲ್ಲ. ಒಂದು ಅನುಮಾನ ಉಳಿಯಿತು: ಸಭೆಯಲ್ಲೇ ಯಾರಾದರೂ ಎಂಟು ತಿಂಗಳು ಸಾಲದು, ಹತ್ತು ಮಾಡಿ ಅಂದರೆ?

ಹಳೇ ಖಜಾಂಚಿ

ಏರಿಸಲು ಬರುವುದಿಲ್ಲ. ಎಂಟು ಅಂತ ಓದಿ ಒಪ್ಪಿ ಪ್ರಾಕ್ಸಿ ಕೊಟ್ಟವರಿದ್ದಾರೆ, ಒಪ್ಪಿ ಮನೆಯಲ್ಲೇ ಉಳಿದವರಿದ್ದಾರೆ. ಇಳಿಸುವುದು, ಕಂತು ಹೆಚ್ಚಿಸುವುದು ನೋಟಿಸ್‌ನ ವ್ಯಾಪ್ತಿಯೊಳಗೇ ಇರುತ್ತದೆ. ಏರಿಸಬೇಕಾದರೆ ಹೊಸ ನೋಟಿಸ್.

ಮತವನ್ನು ಕೈ ಎತ್ತಿಸಿ ತೆಗೆದುಕೊಳ್ಳಬೇಡಿ. ಮನೆ ನಂಬರ್ ಇರುವ ಚೀಟಿ ಕೊಡಿ. ಒಪ್ಪಿಗೆ, ವಿರೋಧ, ತಟಸ್ಥ ಮೂರನ್ನೂ ಬೇರೆ ಬೇರೆ ಎಣಿಸಿ. ಎಣಿಸುವ ಇಬ್ಬರೂ ಸಮಿತಿಯಲ್ಲಿಲ್ಲದವರಾಗಿರಲಿ.

ಹೊಸ ಕಾರ್ಯದರ್ಶಿ

ನಿನ್ನೆ ಸಭೆ ಆಯಿತು. ರಾತ್ರಿ ನಿದ್ದೆ ಬರಲಿಲ್ಲ, ಬೆಳಗ್ಗೆ ಎದ್ದ ಕೂಡಲೇ ಬರೆಯುತ್ತಿದ್ದೇನೆ.

ನೋಟಿಸ್ 8ನೇ ತಾರೀಕಿಗೇ ಎಲ್ಲರಿಗೂ ತಲುಪಿತ್ತು. ಭವನಕ್ಕೆ 38 ಸದಸ್ಯರು ಬಂದರು. ಪ್ರಾಕ್ಸಿ 23 ಬಂದಿದ್ದವು, ಅದರಲ್ಲಿ 17 ಬೇರೆ ಊರುಗಳಿಂದ. ಮತದ ಹೊತ್ತಿಗೆ ಮತ್ತೆ ಎಣಿಸಿದೆ, 38 ಜನವೂ ಕೂತಿದ್ದರು. ಮೊದಲ ವಿಷಯ ಐದು ನಿಮಿಷದಲ್ಲಿ ಅವಿರೋಧವಾಗಿ ಆಯಿತು. ಸಮಿತಿ ತನ್ನ ತುರ್ತು ಅಧಿಕಾರದಲ್ಲಿ ಹಾಕಿಸಿದ್ದ ಆಸರೆಗೆ ಮಂಜೂರಾತಿ ಸಿಕ್ಕಿತು.

ವಂತಿಗೆಗೆ ಒಟ್ಟು 61 ಮತ ಬಿದ್ದವು. ಒಪ್ಪಿಗೆ 54, ವಿರೋಧ 5, ತಟಸ್ಥ 2.

ಎರಡೇ ಎರಡು ಮತ ಕಡಿಮೆ. ಬಾಕಿ ಉಳಿಸಿಕೊಂಡ ಒಬ್ಬರು ಚೆಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಈಗಲೇ ತೀರಿಸುತ್ತೇನೆ, ಮತ ಹಾಕಲು ಬಿಡಿ ಅಂದರು. ಗಡುವು 22ಕ್ಕೇ ಮುಗಿದಿತ್ತು, ಬಿಡಲಿಲ್ಲ. ಬಿಟ್ಟಿದ್ದರೂ 55 ಆಗುತ್ತಿತ್ತು. ಅಧ್ಯಕ್ಷರು ಠರಾವು ಬಿದ್ದಿದೆ ಅಂತ ಘೋಷಿಸಿದರು. ಆಗ ನಾಲ್ಕಾರು ಜನ ಎದ್ದು, ಮತದ ಹಕ್ಕಿರುವವರು 75, ಅದರ ಮೂರನೇ ಎರಡು 50, ನಮಗೆ 54 ಬಂದಿದೆ, ಪಾಸಾಗಿದೆ ಅಂತ ಬರೆಯಿರಿ ಅಂದರು. ಸಭೆಯೇ ಇಬ್ಭಾಗವಾಯಿತು.

ಏಳನೇ ಮಹಡಿ

ಮೇಡಂ, ಬಿದ್ದಿದೆ ಅಂತ ಬರೆದದ್ದೇ ಸರಿ. ನೋಟಿಸ್‌ನಲ್ಲಿ ನೀವೇ 56 ಅಂತ ಬರೆದಿದ್ದೀರಿ. ಅದನ್ನು ನಂಬಿ ಬರದೇ ಉಳಿದವರೂ ಇರಬಹುದು.

ದೂರದ ಮಾಲೀಕ

ನಾನು ಒಪ್ಪುವುದಿಲ್ಲ. ಮತದ ಹಕ್ಕೇ ಇಲ್ಲದ ಒಂಬತ್ತು ಜನರನ್ನು ಲೆಕ್ಕಕ್ಕೆ ಹಿಡಿದರೆ, ಶುಲ್ಕ ಕಟ್ಟದವರು ಕಟ್ಟಿದವರ ಠರಾವನ್ನು ತಡೆದ ಹಾಗಾಯಿತು. ಬಾಕಿದಾರರಿಗೆ ಮತ ಬೇಡ ಅಂತ ಬೈಲಾ ಬರೆದವರ ಉದ್ದೇಶ ಅದಾಗಿರಲಾರದು.

ಹಳೇ ಖಜಾಂಚಿ

ನಿಮ್ಮ ವಾದದಲ್ಲಿ ಹುರುಳಿದೆ, ತಳ್ಳಿಹಾಕಲಾರೆ. ಇಂಥ ಕಡೆ ಬೈಲಾ ಬಲ್ಲ ವಕೀಲರೊಬ್ಬರ ಲಿಖಿತ ಅಭಿಪ್ರಾಯ ಪಡೆಯಬೇಕು, ನಾವು ನಾವೇ ತೀರ್ಮಾನಿಸಬಾರದು. ಆದರೆ ಘೋಷಣೆಯಾದ ಮೇಲೆ ನಡಾವಳಿಯನ್ನು ತಿರುಗಿಸಿ ಬರೆಯಬೇಡಿ. 54, 5, 2 ಅಂತ ಅಂಕಿಗಳನ್ನು ಹಾಗೇ ಬರೆಯಿರಿ, 75ರ ಲೆಕ್ಕದ ಆಕ್ಷೇಪವನ್ನೂ ದಾಖಲಿಸಿ. ಅದೇ ಠರಾವನ್ನು ಹೊಸ ನೋಟಿಸ್ ಕೊಟ್ಟು ಮತ್ತೆ ತರಬಹುದು. ಇಷ್ಟು ದಿನದೊಳಗೆ ತರಬಾರದು ಅಂತ ನಿಮ್ಮ ಬೈಲಾದಲ್ಲಿ ಇದೆಯೇ ನೋಡಿಕೊಳ್ಳಿ. ಹಳೇ ಪ್ರಾಕ್ಸಿಗಳು ಆ ಸಭೆಗೆ ಮಾತ್ರ ಬರೆದಿದ್ದರೆ ಅವನ್ನೂ ಹೊಸದಾಗಿ ಪಡೆಯಬೇಕು.

ಸಿವಿಲ್ ಎಂಜಿನಿಯರ್

ಆಸರೆ ನಿಂತಿದೆಯಲ್ಲ, ನನಗೆ ಅಷ್ಟು ನೆಮ್ಮದಿ. ಆದರೆ ಆಸರೆ ದುರಸ್ತಿಯಲ್ಲ, ತುಕ್ಕು ಒಳಗೆ ನಡೆಯುತ್ತಲೇ ಇರುತ್ತದೆ. ಕಂಬದ ಬಿರುಕಿನ ಎರಡೂ ಬದಿಗೆ ಗುರುತು ಹಾಕಿ, ತಾರೀಕು ಬರೆದು, ವಾರಕ್ಕೊಮ್ಮೆ ಅಳೆಸಿ. ಅಗಲವಾಗುತ್ತಿದ್ದರೆ ಸಭೆಗೆ ಕಾಯದೆ ಎಂಜಿನಿಯರ್‌ಗೆ ಫೋನ್ ಮಾಡಿ.

ಹೊಸ ಕಾರ್ಯದರ್ಶಿ

ಗುರುತು ಇವತ್ತೇ ಹಾಕಿಸಿದೆ ಸರ್. ನಡಾವಳಿಯಲ್ಲಿ ಅಂಕಿಗಳನ್ನೂ ಆಕ್ಷೇಪವನ್ನೂ ಇದ್ದ ಹಾಗೇ ಬರೆದಿದ್ದೇನೆ. 75ರ ಪ್ರಶ್ನೆಯನ್ನು ವಕೀಲರಿಗೆ ಕಳಿಸಲು ಸಮಿತಿ ಒಪ್ಪಿದೆ.

ಬಂದೂ ಇಲ್ಲ, ಪ್ರಾಕ್ಸಿಯೂ ಕೊಟ್ಟಿಲ್ಲ ಅನ್ನುವ 14 ಮನೆಗಳ ಪಟ್ಟಿ ಮಾಡಿದ್ದೇನೆ. ಅದರಲ್ಲಿ ಆರು ಮನೆಯವರು ಇದೇ ಕಟ್ಟಡದಲ್ಲಿದ್ದಾರೆ, ಒಬ್ಬರು ನನ್ನ ಎದುರು ಮನೆಯವರೇ. ಅವರ ಮನೆಗೆ ಹೋಗಿ ಕೇಳಿದೆ. "ಎಲ್ಲರೂ ಹೇಗೂ ಒಪ್ಪುತ್ತಾರೆ, ನನ್ನೊಬ್ಬನ ಮತದಿಂದ ಏನು ಅಂದುಕೊಂಡೆ" ಅಂದರು. ಅವರನ್ನು ಕೆಳಗೆ ಕರೆದುಕೊಂಡು ಹೋಗಿ ಕಂಬ ತೋರಿಸಿದೆ. ಹೊಸ ನೋಟಿಸ್ ಬುಧವಾರ ಹೊರಡುತ್ತದೆ. ಬಾಕಿದಾರರಲ್ಲಿ ಮೂವರು ಇವತ್ತು ಬೆಳಗ್ಗೆ ಹಣ ಕಟ್ಟಿ ರಸೀತಿ ತೆಗೆದುಕೊಂಡು ಹೋದರು.